ಕುರ್ಲಾ ರೈಲಿನ ದೀರ್ಘ ಲೇಖನವನ್ನು ಕಿರುಬರಹಗಳಾಗಿ ಬಿಡಿಸಿದ ಬಗೆ

ಮುಂಬೈಯ ಕನ್ನಡ ಓದುಗರಿಗಾಗಿ ನಾನು ಬ್ಲಾಗಿನಲ್ಲಿ ಬರೆದ ದೀರ್ಘ ಲೇಖನವೊಂದು ಇಲ್ಲಿನ ವಿದ್ಯುತ್ ರೈಲಿನ ಕುರಿತಾಗಿತ್ತು. ಅದನ್ನು ಪೂರ್ತಿ ಓದಲು ಪುರುಸೊತ್ತಿಲ್ಲದವರಿಗಾಗಿ ಎಕ್ಸ್, ಫೇಸ್‌ಬುಕ್ ಮತ್ತು ವಾಟ್ಸ್‌ಆ್ಯಪ್‌ಗಳಲ್ಲಿ ವಾರಕ್ಕೊಂದರಂತೆ ಹಾಕಬಹುದಾದ ಕಿರುಬರಹಗಳನ್ನು ಸಿದ್ಧಪಡಿಸಿದೆ. ಮೂರೂ ಕಡೆ ನನ್ನನ್ನು ಓದುವವರು ಬಹುಪಾಲು ಅದೇ ಜನ. ಆದ್ದರಿಂದ ಒಂದು ವಾಕ್ಯ ಎರಡು ಸಲ ಕಂಡರೂ ಅವರಿಗೆ ತಕ್ಷಣ ಗೊತ್ತಾಗುತ್ತದೆ.

ಲೇಖನದ ವಾಕ್ಯಗಳನ್ನು ಕತ್ತರಿಸಿ ಹಂಚುವ ಕೆಲಸಕ್ಕೆ ನಾನು ಕೈ ಹಾಕುವುದಿಲ್ಲ. ಮೊದಲು ಲೇಖನದಿಂದ ಸಂಗತಿಗಳನ್ನಷ್ಟೇ ಒಂದು ಹಾಳೆಗೆ ಇಳಿಸಿಕೊಳ್ಳುತ್ತೇನೆ, ಅದೂ ಕ್ರಿಯಾಪದವಿಲ್ಲದ ತುಣುಕುಗಳಾಗಿ. ಲೇಖನದ ಒಂದು ವಾಕ್ಯ ಹೀಗಿತ್ತು: ‘1925ರ ಫೆಬ್ರವರಿ 3ರಂದು ಬಾಂಬೆಯ ವಿಕ್ಟೋರಿಯಾ ಟರ್ಮಿನಸ್‌ನಿಂದ ಹಾರ್ಬರ್ ಮಾರ್ಗವಾಗಿ ಕುರ್ಲಾಕ್ಕೆ, 1500 ವೋಲ್ಟ್ ಡಿಸಿ ವಿದ್ಯುತ್ತಿನಲ್ಲಿ, ಭಾರತದ ಮೊದಲ ವಿದ್ಯುತ್ ರೈಲು ಓಡಿತು.’ ಹಾಳೆಯಲ್ಲಿ ಇದು ‘3 ಫೆಬ್ರವರಿ 1925’, ‘ವಿಟಿ–ಕುರ್ಲಾ, ಹಾರ್ಬರ್’, ‘1500 ವೋಲ್ಟ್ ಡಿಸಿ’ ಎಂಬ ಮೂರು ತುಣುಕುಗಳಾಯಿತು. ಆಮೇಲೆ ಲೇಖನವನ್ನು ಮುಚ್ಚಿಟ್ಟು ಹಾಳೆಯೊಂದನ್ನೇ ಎದುರಿಗಿಟ್ಟುಕೊಂಡು ಬರೆಯುತ್ತೇನೆ. ಲೇಖನ ಕಣ್ಣೆದುರಿದ್ದರೆ ಅದರ ವಾಕ್ಯದ ಕಟ್ಟೇ ಮತ್ತೆ ಮತ್ತೆ ಬೆರಳಿಗೆ ಬರುತ್ತದೆ.

ಪ್ರತಿ ತುಣುಕಿಗೂ ಒಂದೇ ಮನೆ. ದಿನಾಂಕ ಒಂದು ಕಿರುಬರಹದ ವಿಷಯವಾದರೆ, ಮಿಕ್ಕವುಗಳಲ್ಲಿ ಅದು ‘ಮೊದಲ ಓಟ’ ಎಂಬಷ್ಟಕ್ಕೇ ನಿಲ್ಲಬೇಕು. ನಿಜವಾದ ತೊಡಕು ಇಲ್ಲೇ ಇದೆ, ಏಕೆಂದರೆ ಮರಳಿ ಮರಳಿ ಬರುವುದು ಮುಖ್ಯ ಸಂಗತಿಯಲ್ಲ, ಅದಕ್ಕೆ ಪೀಠಿಕೆಯಾಗಿ ಹಾಕುವ ಹಿನ್ನೆಲೆಯ ವಾಕ್ಯ. ಎಲ್ಲ ಕಿರುಬರಹಗಳೂ ‘ಭಾರತದ ಮೊದಲ ವಿದ್ಯುತ್ ರೈಲು’ ಎಂದೇ ಶುರುವಾದರೆ ಒಳಗೆ ಹೊಸತೇನಿದ್ದರೂ ಓದುಗರು ಅಲ್ಲಿಯವರೆಗೆ ಬರುವುದಿಲ್ಲ. ಹಾಗಾಗಿ ಒಂದೊಂದಕ್ಕೂ ಬೇರೆ ಬಾಗಿಲು ಹುಡುಕಿದೆ. ಮಾರ್ಗದ ಬರಹ ಹೀಗೆ ಮೊದಲಾಗುತ್ತದೆ: ‘ರೇ ರೋಡ್, ಕಾಟನ್ ಗ್ರೀನ್, ವಡಾಳ ದಾಟಿ ದಿನವೂ ಕುರ್ಲಾಕ್ಕೆ ಹೋಗುವವರು ಕೂತಿರುವುದು ದೇಶದಲ್ಲೇ ಮೊಟ್ಟಮೊದಲು ವಿದ್ಯುತ್ ತಂತಿ ಕಂಡ ಹಳಿಗಳ ಮೇಲೆ.’ ವೋಲ್ಟೇಜಿನ ಬರಹಕ್ಕೆ ಇತಿಹಾಸವೇ ಬೇಡವಾಯಿತು: ‘1500ರ ಜಾಗಕ್ಕೆ 25,000 ವೋಲ್ಟ್ ಏಕೆ? ವೋಲ್ಟೇಜು ಹೆಚ್ಚಿದಷ್ಟೂ ಅದೇ ಶಕ್ತಿಯನ್ನು ಸಾಗಿಸಲು ಕಡಿಮೆ ಕರೆಂಟು ಸಾಕು. ತಂತಿಯಲ್ಲಿ ಶಾಖವಾಗಿ ಸೋರುವುದೂ ತಗ್ಗುತ್ತದೆ.’ ಹಾರ್ಬರ್ ಮಾರ್ಗ 2016ರಲ್ಲಿ 25,000 ವೋಲ್ಟ್‌ನ ಎಸಿ ವಿದ್ಯುತ್ತಿಗೆ ಬದಲಾದ ಸಂಗತಿಯ ಮನೆ ಇದೇ.

ಸಮಾನಾರ್ಥಕ ಪದ ಹಾಕಿ ವಾಕ್ಯದ ರೂಪ ಮರೆಸುವುದನ್ನು ನಾನು ಒಪ್ಪುವುದಿಲ್ಲ. ರೈಲಿಗೆ ಬದಲಾಗಿ ಉಗಿಬಂಡಿ ಎಂದರೆ ಈ ಲೇಖನದ ಮಟ್ಟಿಗೆ ಶುದ್ಧ ಸುಳ್ಳಾಗುತ್ತದೆ! ನಿಲ್ದಾಣದ ಹೆಸರು, ವೋಲ್ಟ್, ಸಬ್‌ಸ್ಟೇಷನ್ ಮುಂತಾದವು ಎಷ್ಟು ಸಲ ಬಂದರೂ ತೊಂದರೆಯಿಲ್ಲ. ಬದಲಾಗಬೇಕಾದದ್ದು ವಾಕ್ಯ ಯಾವ ಪ್ರಶ್ನೆಗೆ ಉತ್ತರ ಕೊಡುತ್ತಿದೆ ಎಂಬುದು.

ಎಲ್ಲವನ್ನೂ ಬರೆದಾದ ಮೇಲೆ ಕಿರುಬರಹಗಳ ಮೊದಲ ವಾಕ್ಯಗಳನ್ನಷ್ಟೇ ಒಂದರ ಕೆಳಗೊಂದು ಇಟ್ಟು ಓದುತ್ತೇನೆ, ನಂತರ ವಾಕ್ಯಗಳ ಕೊನೆಯ ಪದಗಳನ್ನು. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ತುದಿಯಲ್ಲಿರುವುದರಿಂದ, ಪದಗಳು ಬೇರೆಯಾದರೂ ಓಡಿತು, ಬಂದಿತು, ಬದಲಾಯಿತು ಎಂದು ಸಾಲಾಗಿ ಮುಗಿದರೆ ಎಲ್ಲ ಬರಹಗಳೂ ಒಂದೇ ರಾಗದಲ್ಲಿ ಕೇಳಿಸುತ್ತವೆ. ಆಗ ಒಂದನ್ನು ವರ್ತಮಾನಕ್ಕೆ ತರುತ್ತೇನೆ, ಇನ್ನೊಂದನ್ನು ಪ್ರಶ್ನೆಯಾಗಿಸುತ್ತೇನೆ, ಮತ್ತೊಂದನ್ನು ನಾಮಪದದಲ್ಲೇ ನಿಲ್ಲಿಸುತ್ತೇನೆ. ಪದ ಹುಡುಕುವ ಸೌಲಭ್ಯವನ್ನು ಇದಕ್ಕೆ ನಂಬುವಂತಿಲ್ಲ. ‘ಓಡಿತು’ ಎಂದು ಹುಡುಕಿದರೆ ‘ಓಡಿದ’ ಸಿಗುವುದಿಲ್ಲ. ಇಸವಿಗಳನ್ನು ಹುಡುಕಲು ಮಾತ್ರ ಅದು ಚೆನ್ನಾಗಿ ಒದಗುತ್ತದೆ: 1925 ಎಂಬುದು ಎರಡನೆಯ ಬರಹದಲ್ಲೂ ಸಿಕ್ಕರೆ ಅದು ಅಲ್ಲಿಗೆ ಬೇಕೇ ಎಂದು ನೋಡುತ್ತೇನೆ.

ಅಳತೆಯ ವಿಷಯದಲ್ಲಿ ಕನ್ನಡಕ್ಕೆ ಕೊಂಚ ಬಿಗಿ ಹೆಚ್ಚು. ಎಕ್ಸ್‌ನ ಸಾಮಾನ್ಯ ಖಾತೆಯಲ್ಲಿ ಮಿತಿ 280. ಅಲ್ಲಿ ಗುಣಿತ, ಒತ್ತು, ಹಲಂತಗಳೆಲ್ಲ ಬೇರೆ ಬೇರೆಯಾಗಿ ಎಣಿಕೆಗೆ ಬರುತ್ತವೆ. ‘ವಿದ್ಯುತ್’ ಎಂಬ ಪದ ಕಣ್ಣಿಗೆ ಮೂರು ಅಕ್ಷರ, ಎಣಿಕೆಯಲ್ಲಿ ಎಂಟು. ಕೊಂಡಿ ಎಷ್ಟೇ ಉದ್ದವಿದ್ದರೂ 23 ಎಂದೇ ಲೆಕ್ಕ. ವೋಲ್ಟೇಜಿನ ವಿವರಣೆಯನ್ನು ಇದರೊಳಗೆ ಹಿಡಿಸಲು ಹೋದರೆ ಕಾರಣ ಬಿಟ್ಟುಹೋಗಿ ಬರಿಯ ಅಂಕಿ ಉಳಿಯುತ್ತದೆ, ಆದ್ದರಿಂದ ಅದನ್ನು ಫೇಸ್‌ಬುಕ್‌ಗೇ ಮೀಸಲಿಟ್ಟೆ. ಎಕ್ಸ್‌ಗೆ ಹೋದದ್ದು ಮಾರ್ಗದ ಬರಹ, ಮತ್ತು ಚರ್ಚ್‌ಗೇಟ್ ಕಡೆಯ ಪಶ್ಚಿಮ ಮಾರ್ಗಕ್ಕೆ 1928ರಲ್ಲಿ ವಿದ್ಯುತ್ ಬಂದ ಸಂಗತಿ. ಲೇಖನದ ಕೊಂಡಿಯನ್ನು ವೋಲ್ಟೇಜಿನ ಬರಹಕ್ಕೆ ಮಾತ್ರ ಹಾಕಿದೆ, ಏಕೆಂದರೆ ಡಿಸಿಯಿಂದ ಎಸಿಗೆ ಬದಲಾಗುವಾಗ ಹಳೆಯ ರೈಲುಗಳ ಗತಿ ಏನಾಯಿತು ಎಂದು ಕೇಳುವವರಿಗೆ ಉತ್ತರ ಲೇಖನದಲ್ಲಿ ಮಾತ್ರ ಇತ್ತು.