ಬಸುರಿಯ ವಸಡು ಊದಿದರೆ: ಎಕ್ಸ್-ರೇ, ಇಂಜೆಕ್ಷನ್, ಕ್ಲೀನಿಂಗ್ ಮಾಡಿಸಬಹುದಾ?

ಐದು ತಿಂಗಳ ಬಸುರಿಯೊಬ್ಬರು ಅತ್ತೆಯ ಜೊತೆ ನಮ್ಮ ಕ್ಲಿನಿಕ್‌ಗೆ ಬಂದಿದ್ದರು. ಬಲಗಡೆ ಕೆಳಗಿನ ದವಡೆ ಹಲ್ಲು ಮೂರು ರಾತ್ರಿಯಿಂದ ನಿದ್ದೆ ಮಾಡಲು ಬಿಟ್ಟಿರಲಿಲ್ಲ. ವಸಡು ಎರಡು ತಿಂಗಳಿಂದ ಊದಿತ್ತು. ಬ್ರಶ್ ತಾಗಿಸಿದರೆ ರಕ್ತ ಬರುತ್ತದೆ ಎಂದು ಬ್ರಶ್ ಬಿಟ್ಟು, ಬೆರಳಲ್ಲಿ ಹಲ್ಲುಪುಡಿ ಹಚ್ಚಿ ತೊಳೆಯುತ್ತಿದ್ದರು. ನೋವಿಗೆ ಮೆಡಿಕಲ್ ಶಾಪಿನಿಂದ ತಂದ ಮಾತ್ರೆ ನಡೆದಿತ್ತು.

ಅತ್ತೆ ಕೇಳಿದ್ದು ಒಂದೇ ಮಾತು: "ಮೇಡಂ, ಹೆರಿಗೆ ಆಗೋವರೆಗೂ ಹೇಗಾದ್ರೂ ತಳ್ಳೋಕೆ ಆಗಲ್ವಾ? ಎಕ್ಸ್-ರೇ, ಇಂಜೆಕ್ಷನ್ ಬೇಡ."

ಆ ಭಯ ನನಗೆ ಅರ್ಥವಾಗುತ್ತದೆ. ಆದರೆ ಅವರು ಹೆದರಿದ್ದು ತಪ್ಪು ಕಡೆ. ಮಗುವಿಗೆ ಅಪಾಯ ತರಬಹುದಾದ ವಸ್ತು ಆ ಮನೆಯಲ್ಲಿ ಆಗಲೇ ಇತ್ತು. ಅದು ಸೊಸೆಯ ಪರ್ಸಿನಲ್ಲಿದ್ದ ಮಾತ್ರೆ. ಅಂದಿನಿಂದ ಮುಂದಿನ ಎರಡು ತಿಂಗಳು ಏನೇನು ಮಾಡಿದೆವು ಎಂಬುದನ್ನೇ ಇಲ್ಲಿ ಹೇಳುತ್ತೇನೆ. ನಿಮ್ಮ ಮನೆಯಲ್ಲೂ ಇದೇ ಕ್ರಮ ಉಪಯೋಗಕ್ಕೆ ಬರುತ್ತದೆ.

ಮೊದಲು ಕನ್ನಡಿ ಮುಂದೆ ನಿಲ್ಲಿ

ತುಟಿ ಮೇಲೆತ್ತಿ, ಒಳ್ಳೆ ಬೆಳಕಲ್ಲಿ ನೋಡಿ. ಎರಡು ಹಲ್ಲುಗಳ ನಡುವೆ ವಸಡು ಚೂಪಾಗಿ, ಪುಟ್ಟ ತ್ರಿಕೋನದಂತೆ ಇರಬೇಕು. ಊದಿದಾಗ ಆ ಚೂಪು ಹೋಗಿ ಗುಂಡಗಾಗುತ್ತದೆ. ವಸಡು ಎಳೆದು ಹಿಡಿದಂತೆ ಹೊಳೆಯುತ್ತದೆ, ಕಡುಗೆಂಪಾಗುತ್ತದೆ. ನಮ್ಮಲ್ಲಿ ಎಷ್ಟೋ ಜನರ ವಸಡು ಹುಟ್ಟಿನಿಂದಲೇ ಕಂದು ಅಥವಾ ಕಪ್ಪು ಇರುತ್ತದೆ, ಅದು ರೋಗ ಅಲ್ಲ. ಬಣ್ಣಕ್ಕಿಂತ ಆಕಾರ ನೋಡಿ, ರಕ್ತ ಬರುತ್ತಾ ನೋಡಿ.

ಹೀಗೆ ಯಾಕಾಗುತ್ತದೆ? ಬಸುರಿನಲ್ಲಿ ಪ್ರೊಜೆಸ್ಟರಾನ್, ಈಸ್ಟ್ರೊಜನ್ ಹಾರ್ಮೋನು ಏರುತ್ತವೆ. ವಸಡಿನ ಸಣ್ಣ ರಕ್ತನಾಳಗಳು ಹಿಗ್ಗುತ್ತವೆ. ಬೇರೆ ಸಮಯದಲ್ಲಿ ವಸಡು ಸಹಿಸಿಕೊಳ್ಳುತ್ತಿದ್ದ ಅಷ್ಟೇ ಕೊಳೆಗೆ ಈಗ ಜೋರಾಗಿ ಕೆಣಕಿದಂತೆ ಊದಿಕೊಳ್ಳುತ್ತದೆ. ಸಾಮಾನ್ಯವಾಗಿ ಎರಡನೇ ತಿಂಗಳಲ್ಲಿ ಶುರುವಾಗಿ, ಎಂಟನೇ ತಿಂಗಳಲ್ಲಿ ಜಾಸ್ತಿಯಾಗಿ, ಹೆರಿಗೆ ನಂತರ ಇಳಿಯುತ್ತದೆ. ಹಾರ್ಮೋನನ್ನು ನಾವು ಇಳಿಸಲು ಆಗುವುದಿಲ್ಲ. ಹಲ್ಲಿಗೆ ಅಂಟಿದ ಕೊಳೆಯನ್ನು ತೆಗೆಯಬಹುದು. ಚಿಕಿತ್ಸೆ ಪೂರ್ತಿ ನಿಂತಿರುವುದು ಇದರ ಮೇಲೆ.

ರಕ್ತ ಬರುತ್ತದೆ ಎಂದು ಬ್ರಶ್ ಬಿಟ್ಟರೆ ಕೊಳೆ ಹೆಚ್ಚುತ್ತದೆ, ಊತ ಹೆಚ್ಚುತ್ತದೆ, ರಕ್ತವೂ ಹೆಚ್ಚುತ್ತದೆ. ಇವರಿಗೆ ಆಗಿದ್ದೂ ಅದೇ. "ಮಗು ಅಮ್ಮನ ಹಲ್ಲಿನ ಸುಣ್ಣ ಎಳೆದುಕೊಳ್ಳುತ್ತೆ, ಒಂದು ಮಗುವಿಗೆ ಒಂದು ಹಲ್ಲು" ಎಂದು ಅತ್ತೆ ನಂಬಿದ್ದರು. ಹಲ್ಲಿನಿಂದ ಕ್ಯಾಲ್ಸಿಯಂ ಹಾಗೆ ಕರಗಿ ಮಗುವಿಗೆ ಹೋಗುವುದಿಲ್ಲ. ಹಲ್ಲು ಹೋಗುವುದು ಹುಳುಕಿನಿಂದ ಮತ್ತು ವಸಡಿನ ಕಾಯಿಲೆಯಿಂದ.

ಒಂದು ಎಚ್ಚರಿಕೆ. ಬ್ರಶ್ ತಾಗಿಸದೆಯೇ ತಾನಾಗಿ ವಸಡಿನಿಂದ ರಕ್ತ ಬರುತ್ತಿದ್ದರೆ, ಮೈಮೇಲೆ ನೀಲಿ ಕಲೆಗಳೂ ಕಂಡರೆ, ಅದು ಬರೀ ವಸಡಿನ ವಿಷಯ ಇರಲಿಕ್ಕಿಲ್ಲ. ಅದೇ ದಿನ ಹೆರಿಗೆ ಡಾಕ್ಟರಿಗೆ ತೋರಿಸಿ, ಪ್ಲೇಟ್‌ಲೆಟ್ ಪರೀಕ್ಷೆ ಮಾಡಿಸಿ.

ಮೆಡಿಕಲ್ ಶಾಪಿನ ಮಾತ್ರೆ ನಿಲ್ಲಿಸಿ

ಅವರು ನುಂಗುತ್ತಿದ್ದುದು ಡೈಕ್ಲೊಫೆನಾಕ್ ಇದ್ದ ಮಾತ್ರೆ. ಡೈಕ್ಲೊಫೆನಾಕ್, ಐಬುಪ್ರೊಫೆನ್, ನಿಮೆಸುಲೈಡ್ ಇವೆಲ್ಲ ಒಂದೇ ಗುಂಪಿನವು. 20 ವಾರದ ನಂತರ ಇವು ಮಗುವಿನ ಮೂತ್ರಪಿಂಡಕ್ಕೆ ತೊಂದರೆ ಮಾಡಬಹುದು, ಮಗುವಿನ ಸುತ್ತಲಿನ ನೀರು ಕಡಿಮೆಯಾಗಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಇದರ ಬಗ್ಗೆಯೇ ಎಚ್ಚರಿಕೆ ಕೊಟ್ಟಿತು. ಹಲ್ಲುನೋವಿಗೆ ಬಸುರಿಯರಿಗೆ ಕೊಡುವುದು ಬರೀ ಪ್ಯಾರಾಸಿಟಮಾಲ್. ಮಾತ್ರೆಯ ಹಾಳೆಯ ಹಿಂದೆ ಸಣ್ಣ ಅಕ್ಷರದಲ್ಲಿ ಏನೇನಿದೆ ಎಂದು ಓದಿ. ಪ್ಯಾರಾಸಿಟಮಾಲ್ ಎಂದು ಕೇಳಿದರೂ ಅದರ ಜೊತೆ ಇನ್ನೊಂದು ಔಷಧ ಸೇರಿಸಿದ ಮಾತ್ರೆ ಕೈಗೆ ಬರುವುದುಂಟು.

ಆಂಟಿಬಯೋಟಿಕ್ ಬೇಕಾಗುವುದು ಸೋಂಕು ಹರಡಿದಾಗ ಮಾತ್ರ, ಅಂದರೆ ಮುಖ ಊದಿದಾಗ ಅಥವಾ ಜ್ವರ ಬಂದಾಗ. ಆಗ ಅಮಾಕ್ಸಿಸಿಲಿನ್ ಕೊಡಬಹುದು, ಪೆನಿಸಿಲಿನ್ ಅಲರ್ಜಿ ಇದ್ದರೆ ಮೊದಲೇ ಹೇಳಬೇಕು. ಡಾಕ್ಸಿಸೈಕ್ಲಿನ್, ಟೆಟ್ರಾಸೈಕ್ಲಿನ್ ಬೇಡವೇ ಬೇಡ. ಹೊಟ್ಟೆಯೊಳಗೆ ಮೂಡುತ್ತಿರುವ ಮಗುವಿನ ಹಲ್ಲಿಗೆ ಅವು ಶಾಶ್ವತ ಕಲೆ ಬಿಡಬಹುದು.

ಎಕ್ಸ್-ರೇ: ಲೆಕ್ಕ ನೋಡಿ

ಹುಳುಕು ನರದವರೆಗೆ ಹೋಗಿದೆಯಾ, ಬೇರಿನ ತುದಿಯಲ್ಲಿ ಕೀವು ಇದೆಯಾ ಎಂದು ಹೊರಗಿನಿಂದ ಹೇಳಲು ಆಗುವುದಿಲ್ಲ. ಅಂದಾಜಿನ ಮೇಲೆ ಹಲ್ಲು ಕೊರೆಯುವುದು ಸರಿಯಲ್ಲ. ಒಂದು ಸಣ್ಣ ಎಕ್ಸ್-ರೇ ಬೇಕೇ ಬೇಕಿತ್ತು.

ವಿಕಿರಣವನ್ನು ಮಿಲಿಗ್ರೇ ಎಂಬ ಅಳತೆಯಲ್ಲಿ ಎಣಿಸುತ್ತಾರೆ. ಮಗುವಿಗೆ ಹಾನಿಯಾದೀತು ಎಂದು ಡಾಕ್ಟರುಗಳು ಯೋಚಿಸಲು ಶುರು ಮಾಡುವುದು ಸುಮಾರು 50 ಮಿಲಿಗ್ರೇ ದಾಟಿದಾಗ. ಒಂದು ಹಲ್ಲಿನ ಎಕ್ಸ್-ರೇಯಿಂದ ಗರ್ಭಕ್ಕೆ ತಲುಪುವುದು ಒಂದು ಮಿಲಿಗ್ರೇಯ ನೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಕಿರಣ ಕೆನ್ನೆಯ ಕಡೆ ಮುಖ ಮಾಡಿರುತ್ತದೆ, ಹೊಟ್ಟೆ ದೂರದಲ್ಲಿರುತ್ತದೆ. ಮಣ್ಣು, ಕಲ್ಲು, ಆಕಾಶದಿಂದ ನಮ್ಮೆಲ್ಲರಿಗೂ ದಿನವೂ ಒಂದಿಷ್ಟು ವಿಕಿರಣ ತಾಗುತ್ತಲೇ ಇರುತ್ತದೆ. ಒಂಬತ್ತು ತಿಂಗಳಲ್ಲಿ ಮಗುವಿಗೆ ಹಾಗೆ ಸಿಗುವುದೇ ಇದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ.

ಹೊಟ್ಟೆಗೆ ಸೀಸದ ಏಪ್ರನ್, ಕತ್ತಿಗೆ ಕಾಲರ್ ಹಾಕುವುದು ನಮ್ಮಲ್ಲಿ ರೂಢಿ. ಅಮೆರಿಕದ ದಂತವೈದ್ಯರ ಸಂಘ 2024ರಲ್ಲಿ ಇನ್ನು ಅದೂ ಬೇಡ ಎಂದಿತು, ಏಕೆಂದರೆ ಈಗಿನ ಡಿಜಿಟಲ್ ಯಂತ್ರದ ಕಿರಣ ಅಷ್ಟು ಕಡಿಮೆ. ನಾನು ಬಸುರಿಯರಿಗೆ ಈಗಲೂ ಹಾಕುತ್ತೇನೆ. ಹಾಕಿದರೆ ಅವರಿಗೆ ಧೈರ್ಯ, ನಷ್ಟವೇನೂ ಇಲ್ಲ. ಆದರೆ ಅವಸರವಿಲ್ಲದ ಎಕ್ಸ್-ರೇ, ಸುಮ್ನೆ ವರ್ಷಕ್ಕೊಮ್ಮೆ ನೋಡೋಣ ಎನ್ನುವಂಥದ್ದು, ಹೆರಿಗೆ ನಂತರಕ್ಕೆ ಇರಲಿ. ಹಲ್ಲು ಕಟ್ಟಿಸುವ ಮೊದಲು ತೆಗೆಯುವ ಮೂರು ಆಯಾಮದ ಸ್ಕ್ಯಾನ್ ಕೂಡ ಕಾಯಬಹುದು.

ಇವರ ಎಕ್ಸ್-ರೇಯಲ್ಲಿ ಹುಳುಕು ನರ ಮುಟ್ಟಿತ್ತು. ಬೇರಿನ ತುದಿಯಲ್ಲಿ ಸಣ್ಣ ಕಪ್ಪು ನೆರಳೂ ಇತ್ತು. ಇನ್ನು ನಾಲ್ಕು ತಿಂಗಳು ತಳ್ಳುವ ಮಾತೇ ಇರಲಿಲ್ಲ.

ಮರಗಟ್ಟಿಸುವ ಇಂಜೆಕ್ಷನ್

ಹಲ್ಲಿಗೆ ಕೊಡುವುದು ಲಿಗ್ನೋಕೇನ್. ಜೊತೆಗೆ ಅತಿ ಸ್ವಲ್ಪ ಅಡ್ರಿನಲಿನ್ ಇರುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ 80,000 ಭಾಗಕ್ಕೆ ಒಂದು ಭಾಗ. ಅಡ್ರಿನಲಿನ್ ಎಂದ ಕೂಡಲೇ ಹೆದರುತ್ತಾರೆ, ಆದರೆ ಅದಿರುವುದು ಅಮ್ಮ, ಮಗು ಇಬ್ಬರಿಗೂ ಒಳ್ಳೆಯದಕ್ಕೇ. ಅದು ಅಲ್ಲಿನ ರಕ್ತನಾಳವನ್ನು ಬಿಗಿ ಮಾಡುತ್ತದೆ. ಔಷಧ ದವಡೆಯಲ್ಲೇ ನಿಲ್ಲುತ್ತದೆ, ನಿಧಾನವಾಗಿ ಮಾತ್ರ ರಕ್ತಕ್ಕೆ ಸೇರುತ್ತದೆ. ಮರಗಟ್ಟಿದ್ದು ಹೆಚ್ಚು ಹೊತ್ತು ಉಳಿಯುತ್ತದೆ. ಅಮೆರಿಕದ ಹೆರಿಗೆ ತಜ್ಞರ ಕಾಲೇಜು 2013ರಲ್ಲೇ ಹಲ್ಲಿನ ಎಕ್ಸ್-ರೇ ಮತ್ತು ಈ ಇಂಜೆಕ್ಷನ್ ಎರಡೂ ಬಸುರಿನಲ್ಲಿ ಸುರಕ್ಷಿತ ಎಂದು ಹೇಳಿದೆ.

ಸೂಜಿ ಚುಚ್ಚಿದ ಮೇಲೆ ಡಾಕ್ಟರು ಸಿರಿಂಜನ್ನು ಒಮ್ಮೆ ಹಿಂದಕ್ಕೆ ಎಳೆದು ನೋಡುತ್ತಾರೆ. ಸೂಜಿ ರಕ್ತನಾಳದೊಳಗೆ ಇಲ್ಲ ಎಂದು ಖಾತ್ರಿ ಮಾಡಿಕೊಳ್ಳುವುದು ಹೀಗೆ. ಆಮೇಲೆ ನಿಧಾನವಾಗಿ ಕೊಡುತ್ತಾರೆ. ಆಗ ಎದೆ ಒಂದೆರಡು ನಿಮಿಷ ಡವಡವ ಎಂದರೆ ಹೆದರಬೇಡಿ, ಹೇಳಿ. ಬಿಪಿ ಜಾಸ್ತಿ ಇದ್ದರೆ, ರಕ್ತ ತೆಳುವಾಗಿಸುವ ಇಂಜೆಕ್ಷನ್ ಅಥವಾ ಆಸ್ಪಿರಿನ್ ನಡೆಯುತ್ತಿದ್ದರೆ ಕುರ್ಚಿಗೆ ಕೂರುವ ಮೊದಲೇ ತಿಳಿಸಿ. ತಾಯಿ ಕಾರ್ಡ್ ಕೈಯಲ್ಲಿದ್ದರೆ ಇದೆಲ್ಲ ಅದರಲ್ಲೇ ಸಿಗುತ್ತದೆ, ತಪ್ಪದೆ ತನ್ನಿ. ನೋವು ತಡೆದುಕೊಂಡು ಇಂಜೆಕ್ಷನ್ ಇಲ್ಲದೆ ಮಾಡಿಸುತ್ತೇನೆ ಎನ್ನುವುದು ಬೇಡ. ನೋವಿಗೆ ದೇಹವೇ ಸುರಿಸುವ ಅಡ್ರಿನಲಿನ್ ಇಂಜೆಕ್ಷನ್ನಿನಲ್ಲಿ ಇರುವುದಕ್ಕಿಂತ ಜಾಸ್ತಿಯಾಗಬಹುದು.

ಕುರ್ಚಿಯಲ್ಲಿ ಪೂರ್ತಿ ಅಂಗಾತ ಮಲಗಬೇಡಿ. 20 ವಾರ ದಾಟಿದ ಮೇಲೆ ಗರ್ಭದ ಭಾರ ಹಿಂದಿನ ದೊಡ್ಡ ರಕ್ತನಾಳವನ್ನು ಒತ್ತುತ್ತದೆ. ಬಿಪಿ ಇಳಿದು ಬೆವರು, ತಲೆಸುತ್ತು ಬರುತ್ತದೆ. ಬಲ ಸೊಂಟದ ಕೆಳಗೆ ಮಡಿಸಿದ ಟವೆಲ್ ಇಟ್ಟು ಸ್ವಲ್ಪ ಎಡಕ್ಕೆ ವಾಲಿದರೆ ಸಾಕು. ಇವರಿಗೆ ಅರ್ಧದಲ್ಲೇ "ಕಣ್ಣು ಕತ್ತಲೆ ಬರ್ತಿದೆ ಮೇಡಂ" ಎನಿಸಿತು. ಟವೆಲ್ ಜಾರಿಹೋಗಿತ್ತು. ಪೂರ್ತಿ ಎಡಕ್ಕೆ ಹೊರಳಿಸಿದೆ, ಎರಡು ನಿಮಿಷದಲ್ಲಿ ಸರಿಹೋದರು.

ಅಂದು ಮಾಡಿದ್ದು ರೂಟ್ ಕೆನಾಲಿನ ಮೊದಲ ಹಂತ. ಹಲ್ಲು ತೆರೆದು, ಕೊಳೆತ ನರ ತೆಗೆದು, ಔಷಧ ಇಟ್ಟು ಮುಚ್ಚಿದೆ. ಅವತ್ತು ರಾತ್ರಿ ನಿದ್ದೆ ಬಂತಂತೆ.

ವಸಡಿನ ಕ್ಲೀನಿಂಗ್, ಮತ್ತೆ ಮನೆಯಲ್ಲಿ

ವಾರದ ನಂತರ ಎರಡು ಸಲ ಬರಹೇಳಿ ಕ್ಲೀನಿಂಗ್ ಮಾಡಿದೆ. ಹಲ್ಲಿಗೆ ಗಟ್ಟಿಯಾಗಿ ಅಂಟಿದ ಗಾರೆಯಂಥ ಪದರ ಬ್ರಶ್‌ಗೆ ಹೋಗುವುದಿಲ್ಲ, ಅದನ್ನು ಯಂತ್ರದಿಂದಲೇ ತೆಗೆಯಬೇಕು. ಆ ದಿನ ರಕ್ತ ಬರುತ್ತದೆ, ಮರುದಿನವೂ ಸ್ವಲ್ಪ ಬರಬಹುದು. ಮೂರು ತಿಂಗಳು ಮುಗಿದ ಮೇಲೆ 20 ವಾರದವರೆಗಿನ ಸಮಯ ಇದಕ್ಕೆಲ್ಲ ಅನುಕೂಲ, ಏಕೆಂದರೆ ವಾಂತಿ ನಿಂತಿರುತ್ತದೆ, ಹೊಟ್ಟೆ ಇನ್ನೂ ಭಾರವಾಗಿರುವುದಿಲ್ಲ. ಆದರೆ ನೋವು, ಕೀವು ಇದ್ದರೆ ಯಾವ ತಿಂಗಳಾದರೂ ಕಾಯಬೇಡಿ.

ಕ್ಲೀನಿಂಗ್ ಮಾಡಿಸಿದರೆ ದಿನ ತುಂಬುವ ಮೊದಲೇ ಹೆರಿಗೆ ಆಗುವುದು ತಪ್ಪುತ್ತದೆ ಎಂದು ಕೆಲವರು ಹೇಳುತ್ತಾರೆ. ಅಮೆರಿಕದಲ್ಲಿ 823 ಗರ್ಭಿಣಿಯರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಂಥ ಲಾಭ ಕಾಣಲಿಲ್ಲ. ವಸಡು ಮಾತ್ರ ಚೆನ್ನಾಗಿ ಸುಧಾರಿಸಿತು, ಚಿಕಿತ್ಸೆಯಿಂದ ಮಗುವಿಗೆ ತೊಂದರೆಯೂ ಕಾಣಲಿಲ್ಲ. ಮಾಡಿಸಿಕೊಳ್ಳಲು ನನಗೆ ಇಷ್ಟು ಕಾರಣ ಸಾಕು.

ಮನೆಯಲ್ಲಿ ಮೆತ್ತನೆ ಬ್ರಶ್ ಸಾಕು. ಅದರ ಎಳೆಗಳು ಅರ್ಧ ಹಲ್ಲಿನ ಮೇಲೆ, ಅರ್ಧ ವಸಡಿನ ಅಂಚಿನಲ್ಲಿ ಕೂರಬೇಕು. ಓರೆಯಾಗಿ ಹಿಡಿದು, ಒತ್ತದೆ, ಸಣ್ಣದಾಗಿ ಅಲ್ಲಾಡಿಸಿ. ರಕ್ತ ಬಂದ ಜಾಗ ಬಿಡಬೇಡಿ, ಅಲ್ಲೇ ಕೊಳೆ ಇರುವುದು. ಸಾಮಾನ್ಯವಾಗಿ ವಾರ, ಹತ್ತು ದಿನದಲ್ಲಿ ರಕ್ತ ಕಡಿಮೆಯಾಗುತ್ತದೆ. ಪೇಸ್ಟಿನ ವಾಸನೆಗೆ ವಾಕರಿಕೆ ಬಂದರೆ ಮೊದಲು ಬರೀ ನೀರಲ್ಲಿ ಉಜ್ಜಿ, ಕೊನೆಗೆ ಕಡಲೆಕಾಳಿನಷ್ಟು ಪೇಸ್ಟ್ ಹಚ್ಚಿ. ಊತಕ್ಕೆ ಒಂದು ಲೋಟ ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ದಿನಕ್ಕೆ ಎರಡು ಮೂರು ಸಲ ಮುಕ್ಕಳಿಸಿ. ವಾಂತಿಯಾದ ಕೂಡಲೇ ಬ್ರಶ್ ಮಾಡಬೇಡಿ. ಹೊಟ್ಟೆಯ ಹುಳಿಗೆ ಹಲ್ಲಿನ ಮೇಲ್ಪದರ ಮೆತ್ತಗಾಗಿರುತ್ತದೆ, ಉಜ್ಜಿದರೆ ಸವೆಯುತ್ತದೆ. ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕದಡಿ ಬಾಯಿ ಮುಕ್ಕಳಿಸಿ ಉಗಿಯಿರಿ, ಅರ್ಧ ಗಂಟೆಯ ನಂತರ ಬ್ರಶ್ ಮಾಡಿ.

ಮುಖದ ಊತ ದವಡೆಯ ಕೆಳಗೆ ಇಳಿದರೆ, ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟವಾದರೆ, ಅಥವಾ ಊತದ ಜೊತೆ ಜ್ವರ ಬಂದರೆ ಕ್ಲಿನಿಕ್ ತೆರೆಯಲಿ ಎಂದು ಕಾಯದೆ ದೊಡ್ಡಾಸ್ಪತ್ರೆಗೆ ಹೋಗಿ, ರಾತ್ರಿಯಾದರೂ ಸರಿ.

ಏಳನೇ ತಿಂಗಳಲ್ಲಿ ಅವರು ಮತ್ತೆ ಬಂದರು. ರೂಟ್ ಕೆನಾಲ್ ಮುಗಿದಿತ್ತು, ರಕ್ತ ನಿಂತಿತ್ತು. ಆದರೆ ಮೇಲಿನ ಮುಂದಿನ ಹಲ್ಲುಗಳ ನಡುವೆ ಬಟಾಣಿಯಷ್ಟು ಕೆಂಪು ಗಂಟು ಎದ್ದಿತ್ತು. ಹೆಸರಿಗೆ ಇದನ್ನು ಬಸುರಿನ ಗಡ್ಡೆ ಎನ್ನುತ್ತಾರೆ, ಕ್ಯಾನ್ಸರ್ ಅಲ್ಲ. ಊಟಕ್ಕೆ ಅಡ್ಡವಾಗದಿದ್ದರೆ, ಪದೇ ಪದೇ ರಕ್ತ ಬಾರದಿದ್ದರೆ ಮುಟ್ಟಬಾರದು. ಈಗ ಕತ್ತರಿಸಿದರೆ ಮತ್ತೆ ಬೆಳೆಯುವುದೂ ಉಂಟು. ಅದರ ಸುತ್ತ ಮತ್ತೊಮ್ಮೆ ಕ್ಲೀನ್ ಮಾಡಿ ಕಳಿಸಿದೆ. ಬಾಣಂತನ ಮುಗಿಸಿ ಮೂರು ತಿಂಗಳ ಮಗುವನ್ನು ಎತ್ತಿಕೊಂಡು ಹಲ್ಲಿಗೆ ಕ್ಯಾಪ್ ಹಾಕಿಸಲು ಬಂದಾಗ ಗಂಟು ಇರಲಿಲ್ಲ. ಅತ್ತೆಯೂ ಜೊತೆಗಿದ್ದರು. ಈ ಸಲ ಅವರೇ ಕುರ್ಚಿಯಲ್ಲಿ ಕೂತು, "ನಂದೂ ಒಂದ್ಸಲ ನೋಡಿ ಮೇಡಂ" ಎಂದರು.