ಒಂದೇ ಉಚ್ಚ ಶನಿ, ಎರಡು ಲಗ್ನ

ಶನಿ ಉಚ್ಚನಾಗಿದ್ದಾನೆ ಅಂದ ಕೂಡಲೇ ಖುಷಿಪಡುವವರು, ಶನಿ ದಶೆ ಅಂದ ಕೂಡಲೇ ಮುಖ ಸಣ್ಣ ಮಾಡುವವರು, ಇಬ್ಬರೂ ಹುಬ್ಬಳ್ಳಿಯಲ್ಲಿ ನನ್ನ ಹತ್ತಿರ ಬರುತ್ತಾರೆ. ಇಬ್ಬರಿಗೂ ನಾನು ಮೊದಲು ಹೇಳುವುದು ಒಂದೇ ಮಾತು. ನೀವು ಹುಟ್ಟಿದ ಹೊತ್ತಿಗೆ ಪೂರ್ವದಲ್ಲಿ ಉದಯಿಸುತ್ತಿದ್ದ ರಾಶಿಯೇ ನಿಮ್ಮ ಲಗ್ನ, ಅದೇ ಒಂದನೇ ಮನೆ. ಅಲ್ಲಿಂದ ಎಣಿಸಿದರೆ ಶನಿ ಯಾವ ಯಾವ ಮನೆಯ ಅಧಿಪತಿ ಅಂತ ನೋಡೋಣ, ಉಳಿದದ್ದು ಆಮೇಲೆ.

ಲೆಕ್ಕ ಸರಳವಾಗಿದೆ. 1, 4, 7, 10 ಕೇಂದ್ರಗಳು. 5, 9 ತ್ರಿಕೋಣಗಳು. ಒಂದು ಕೇಂದ್ರಕ್ಕೂ ಒಂದು ತ್ರಿಕೋಣಕ್ಕೂ ಒಬ್ಬನೇ ಗ್ರಹ ಯಜಮಾನನಾದರೆ ಅವನು ಆ ಲಗ್ನಕ್ಕೆ ಯೋಗಕಾರಕ, ಅಂದರೆ ಒಳ್ಳೇ ಫಲ ಕೊಡುವವನು. ಹೀಗಾಗುವುದು ಆರೇ ಲಗ್ನಗಳಿಗೆ. ವೃಷಭ, ತುಲಾ ಲಗ್ನಕ್ಕೆ ಶನಿ. ಕರ್ಕ, ಸಿಂಹಕ್ಕೆ ಕುಜ. ಮಕರ, ಕುಂಭಕ್ಕೆ ಶುಕ್ರ. ಗುರು, ಬುಧರ ರಾಶಿಗಳು ಇರುವ ಅಂತರದಲ್ಲಿ ಈ ಜೋಡಿ ಕೂಡುವುದೇ ಇಲ್ಲ. ರವಿ, ಚಂದ್ರರಿಗಂತೂ ಇರುವುದೇ ಒಂದೊಂದು ರಾಶಿ.

ಇದು ಎಷ್ಟು ದೂರ ಹೋಗುತ್ತದೆ ಅಂತ ನನಗೆ ಚೆನ್ನಾಗಿ ತಿಳಿದದ್ದು ಗದಗ ಕಡೆಯ ಒಂದು ಮನೆತನದ ಎರಡು ಜಾತಕಗಳಿಂದ. ಅಣ್ಣ ತಮ್ಮಂದಿರ ಮಕ್ಕಳು, ಇಬ್ಬರೂ ಹುಟ್ಟಿದ್ದು 1983ರ ಮೇ ತಿಂಗಳ ಮೊದಲ ವಾರದ ಒಂದೇ ದಿನ. ಅಣ್ಣನ ಮಗ ಮಧ್ಯಾಹ್ನ 12ರ ಸುಮಾರಿಗೆ, ತಮ್ಮನ ಮಗ ಸಂಜೆ 6ರ ಸುಮಾರಿಗೆ. ಇಬ್ಬರದೂ ಶತಭಿಷ ನಕ್ಷತ್ರ, ಕುಂಭ ರಾಶಿ. ಜಾತಕ ತಂದವರು ಅವರ ಅಜ್ಜಿ. "ಆಚಾರ್ಯರ, ಒಂದ ದಿನ ಹುಟ್ಯಾವ, ಒಂದ ರಾಶಿ. ಸಣ್ಣಾಂವಗ ಶನಿ ದಶಾ ಕೈ ಹಿಡೀತು. ದೊಡ್ಡಾಂವಗ ಯಾಕ ಹಿಂಗ?" ಅಂತ ಕೇಳಿದರು.

ನಮ್ಮ ದಕ್ಷಿಣದ ಕುಂಡಲಿ ಚೌಕದಲ್ಲಿ ರಾಶಿಗಳ ಜಾಗ ಬದಲಾಗುವುದಿಲ್ಲ. ಹಾಗಾಗಿ ಎರಡೂ ಕುಂಡಲಿಯನ್ನು ಪಕ್ಕಪಕ್ಕದಲ್ಲಿ ಇಟ್ಟರೆ ಚಿತ್ರ ಒಂದೇ. ತುಲಾದಲ್ಲಿ ಶನಿ, ಉಚ್ಚ, ವಕ್ರ. ಮೇಷದಲ್ಲಿ ರವಿ, ಕುಜ. ಕುಂಭದಲ್ಲಿ ಚಂದ್ರ. ಬೇರೆ ಇದ್ದದ್ದು "ಲ" ಅಂತ ಬರೆದ ಚೌಕ ಮಾತ್ರ. ಒಂದರಲ್ಲಿ ಕರ್ಕ, ಇನ್ನೊಂದರಲ್ಲಿ ತುಲಾ. ಅವಸರದಲ್ಲಿ ನೋಡಿದರೆ ಎರಡಕ್ಕೂ "ಶನಿ ಉಚ್ಚ, ಭಾಳ ಚಲೋ" ಅಂತ ಹೇಳಿ ಕಳಿಸುವುದು ಸುಲಭ. ಅದಕ್ಕೇ ನಾನು ಗ್ರಹದ ಬಲ ನೋಡುವ ಮೊದಲೇ ಕೆಂಪು ಪೆನ್ಸಿಲ್‌ನಲ್ಲಿ ಪ್ರತಿ ಗ್ರಹದ ಪಕ್ಕ ಅದು ಆಳುವ ಮನೆಗಳ ಸಂಖ್ಯೆ ಬರೆಯುತ್ತೇನೆ.

ತುಲಾ ಕುಂಡಲಿಯಲ್ಲಿ ಶನಿಯ ಪಕ್ಕ 4, 5 ಅಂತ ಬಂತು. ಮಕರ ನಾಲ್ಕನೆಯದು, ಕುಂಭ ಐದನೆಯದು. ಯೋಗಕಾರಕ, ಅದೂ ಲಗ್ನದಲ್ಲೇ ಉಚ್ಚನಾಗಿ ಕೂತಿದ್ದಾನೆ. ಕರ್ಕ ಕುಂಡಲಿಯಲ್ಲಿ ಅದೇ ಶನಿಯ ಪಕ್ಕ 7, 8 ಬಂತು. ಏಳು ಕೇಂದ್ರವೇ, ಆದರೆ ಆಯುಷ್ಯ, ಆರೋಗ್ಯಕ್ಕೆ ಪೆಟ್ಟು ಕೊಡುವ ಮಾರಕ ಸ್ಥಾನವೂ ಹೌದು. ಎಂಟಂತೂ ಅಡೆತಡೆ, ಹಳೇ ಸಾಲ, ಪಾಲಿನ ವ್ಯಾಜ್ಯ ಇವುಗಳ ಮನೆ. ಉಚ್ಚನಾಗಿರುವುದರಿಂದ ಶನಿಗೆ ಎರಡೂ ಕಡೆ ಬಲ ಇದೆ. ಆ ಬಲವನ್ನು ಯಾವ ಕೆಲಸಕ್ಕೆ ಹಾಕುತ್ತಾನೆ ಅನ್ನೋದನ್ನು ಹೇಳುವುದು ಆಳುವ ಮನೆ. ಒಬ್ಬನೇ ಮನುಷ್ಯ ಒಂದು ಮನೆಗೆ ಅಳಿಯನಾಗಿ ಬರುತ್ತಾನೆ, ಪಕ್ಕದ ಮನೆಗೆ ಸಾಲ ವಸೂಲಿಗೆ ಬರುತ್ತಾನೆ, ಅಲ್ವಾ?

ಇಬ್ಬರಿಗೂ ಹುಟ್ಟಿದಾಗ ರಾಹು ದಶೆ ನಡೆಯುತ್ತಿತ್ತು. ಅದು ಮುಗಿದ ಮೇಲೆ ಗುರು 16 ವರ್ಷ, ನಂತರ ಶನಿ 19 ವರ್ಷ. ಇಲ್ಲೂ ಒಂದು ಸೂಕ್ಷ್ಮ ಇದೆ. ಆರು ಗಂಟೆಯಲ್ಲಿ ಚಂದ್ರ ಸುಮಾರು ಮೂರು ಡಿಗ್ರಿ ಮುಂದೆ ಹೋಗುತ್ತಾನೆ. ರಾಹುವಿನ 18 ವರ್ಷದ ಲೆಕ್ಕದಲ್ಲಿ ಅದು ಸುಮಾರು ನಾಲ್ಕು ವರ್ಷ. ಹಾಗಾಗಿ ಒಂದೇ ದಿನ ಹುಟ್ಟಿದರೂ ಸಂಜೆಯ ಹುಡುಗನಿಗೆ ಶನಿ ದಶೆ ನಾಲ್ಕು ವರ್ಷ ಮೊದಲೇ ಶುರುವಾಯಿತು.

ಆ ದಶೆಯಲ್ಲಿ ಅವನು ಗೋಕುಲ ರೋಡಿನ ಕೈಗಾರಿಕಾ ವಸಾಹತಿನಲ್ಲಿ ಕೆಲಸಕ್ಕೆ ಸೇರಿದ. ಮುಂದೆ ತನ್ನದೇ ವೆಲ್ಡಿಂಗ್ ಶೆಡ್ ಹಾಕಿದ, ನಿವೇಶನ ತಗೊಂಡ, ಮನೆ ಕಟ್ಟಿದ. ನಾಲ್ಕನೇ ಮನೆಯ ಫಲ ಇದು. ಎಲ್ಲವೂ ನಿಧಾನ. ಬುನಾದಿ ಹಾಕಿ ಎಷ್ಟೋ ದಿನ ಕೆಲಸ ನಿಂತಿತ್ತು. ಯೋಗಕಾರಕನಾದ ಮಾತ್ರಕ್ಕೆ ಶನಿ ತನ್ನ ಸ್ವಭಾವ ಬಿಡುವುದಿಲ್ಲ. ದುಡಿಸಿಕೊಂಡೇ ಕೊಡುತ್ತಾನೆ.

ಮಧ್ಯಾಹ್ನದ ಹುಡುಗನಿಗೆ ಶನಿ ಕೂತದ್ದು ನಾಲ್ಕರಲ್ಲಿ, ಎಂಟರ ಅಧಿಪತ್ಯ ಹೊತ್ತು. ಅಲ್ಲಿಂದ ಅವನ ದೃಷ್ಟಿ ಆರು, ಹತ್ತು ಮತ್ತು ಲಗ್ನದ ಮೇಲೆ. ಲಗ್ನಾಧಿಪತಿ ಚಂದ್ರ ಬೇರೆ ಎಂಟರಲ್ಲೇ ಇದ್ದಾನೆ. ಹಿರಿಯರ ಮನೆಯ ಪಾಲಿನ ವ್ಯಾಜ್ಯ ಆ ದಶೆಯಲ್ಲೇ ಎದ್ದಿತು, ಮಾವನ ಮನೆ ಕಡೆಯ ಹಣದ ತಕರಾರೂ ಸೇರಿಕೊಂಡಿತು. ಆದರೆ ಮನೆ ಕೈಬಿಡಲಿಲ್ಲ. ಅಷ್ಟನ್ನು ನಾನು ಉಚ್ಚಬಲಕ್ಕೆ ಕೊಡುತ್ತೇನೆ.

ಈಗ ಕುಜನನ್ನು ನೋಡಿ. ಮೇಷದಲ್ಲಿ ಸ್ವಕ್ಷೇತ್ರ. ತುಲಾ ಲಗ್ನಕ್ಕೆ ಅವನು 2, 7ರ ಅಧಿಪತಿ, ಎರಡೂ ಮಾರಕ ಸ್ಥಾನ. ಕರ್ಕಕ್ಕೆ 5, 10ರ ಅಧಿಪತಿ, ಯೋಗಕಾರಕ, ಹತ್ತರಲ್ಲೇ ಕೂತಿದ್ದಾನೆ. ಪೂರಾ ತಿರುಗುಮುರುಗು. ದಶೆಯ ಒಳಗೆ ಪ್ರತಿ ಗ್ರಹಕ್ಕೂ ಸಿಗುವ ಪಾಲೇ ಭುಕ್ತಿ. ಶನಿ ದಶೆಯಲ್ಲಿ ಕುಜ ಭುಕ್ತಿ 13 ತಿಂಗಳಷ್ಟೇ ಇರುತ್ತದೆ, ದಶೆ ಶುರುವಾಗಿ ಹನ್ನೆರಡೂವರೆ ವರ್ಷದ ಮೇಲೆ ಬರುತ್ತದೆ. ಆ ಭುಕ್ತಿಯಲ್ಲಿ ತುಲಾ ಲಗ್ನದವನು ಪಾಲುದಾರನ ಜೊತೆ ಜಗಳವಾಡಿ ಶೆಡ್ಡಿನ ಲೆಕ್ಕ ಹರಿದುಕೊಂಡ. ಕರ್ಕ ಲಗ್ನದವನಿಗೆ ಅದೇ ಭುಕ್ತಿಯಲ್ಲಿ ಕೆಲಸದಲ್ಲಿ ಬಡ್ತಿ ಬಂತು. ಅವನ 19 ವರ್ಷದಲ್ಲಿ ಉಸಿರು ಬಿಟ್ಟ ಕಾಲ ಅದೇ ಅಂತ ಅವನೇ ಹೇಳಿದ. ಕುಜ ರವಿಗೆ ತೀರ ಹತ್ತಿರ ಇದ್ದು ಅಸ್ತನಾಗಿದ್ದಾನೆ, ಎದುರಿಗೆ ಶನಿಯ ದೃಷ್ಟಿ ಬೇರೆ. ಹಾಗಾಗಿ ನಾನು ಇನ್ನೂ ದೊಡ್ಡ ಮಾತು ಹೇಳುತ್ತಿರಲಿಲ್ಲ. ಯೋಗಕಾರಕ ಅಸ್ತನಾದರೆ, ನೀಚನಾದರೆ, ಅಥವಾ ದಶೆಯೇ ಬಾರದಿದ್ದರೆ ಹೆಸರು ಮಾತ್ರ ಉಳಿಯುತ್ತದೆ.

ಅಜ್ಜಿಯ ಇನ್ನೊಂದು ಪ್ರಶ್ನೆ ನೀಲದ ಉಂಗುರದ್ದು. ಸಣ್ಣ ಮೊಮ್ಮಗ ಹಾಕಿಕೊಂಡಿದ್ದ, ಅದನ್ನು ನೋಡಿ ದೊಡ್ಡವನಿಗೂ ಮಾಡಿಸಬೇಕು ಅಂತ ಇದ್ದರು. ನಾನು ಬೇಡ ಅಂದೆ. ನೀಲ ಶನಿಯ ಬಲ ಹೆಚ್ಚಿಸುತ್ತದೆ ಅನ್ನುವುದು ನಮ್ಮ ಪದ್ಧತಿ. ಕರ್ಕ ಲಗ್ನದಲ್ಲಿ ಆ ಬಲ 7, 8ಕ್ಕೇ ಸೇರುತ್ತದೆ. "ಹಂಗಾರ ದೊಡ್ಡಾಂವಗ ಏನ್ ಮಾಡೂಣ್ರಿ?" ಅಂದರು. ಪಾಲಿನ ಕಾಗದಪತ್ರ ಸರಿ ಮಾಡಿಸಿ, ವಕೀಲರನ್ನು ಕಾಣಿ, ಹೊಸ ಸಾಲಕ್ಕೆ ಜಾಮೀನು ನಿಲ್ಲಬೇಡಿ ಅಂತ ಹೇಳಿದೆ. ಶನಿವಾರ ಎಳ್ಳೆಣ್ಣೆ ದೀಪ ಹಚ್ಚುವುದನ್ನು ಅವರು ಮೊದಲೇ ಮಾಡುತ್ತಿದ್ದರು, ಮುಂದುವರಿಸಿ ಅಂದೆ.

ಇಷ್ಟೆಲ್ಲಾ ನಿಂತಿರುವುದು ಹುಟ್ಟಿದ ಹೊತ್ತಿನ ಮೇಲೆ. ಲಗ್ನ ಸುಮಾರು ಎರಡು ಗಂಟೆಗೊಮ್ಮೆ ಬದಲಾಗುತ್ತದೆ. ಆ ದಿನ ಮಧ್ಯಾಹ್ನ ಒಂದರ ಆಸುಪಾಸಿನಲ್ಲಿ ಕರ್ಕ ಮುಗಿದು ಸಿಂಹ ಶುರುವಾಗುತ್ತಿತ್ತು. ಅಲ್ಲಿ ಹತ್ತು ನಿಮಿಷ ಹೆಚ್ಚುಕಡಿಮೆ ಆದರೂ ಯೋಗಕಾರಕ ಕುಜನೇ, ಭಯವಿಲ್ಲ. ಸಂಜೆ ಏಳೂಕಾಲು, ಏಳೂವರೆ ಹೊತ್ತಿಗೆ ತುಲಾ ಮುಗಿದು ವೃಶ್ಚಿಕ ಬರುತ್ತಿತ್ತು. ವೃಶ್ಚಿಕಕ್ಕೆ ಶನಿ 3, 4ರ ಅಧಿಪತಿ, ಯೋಗಕಾರಕತ್ವವೇ ಹೋಗುತ್ತದೆ. ಅಂಥ ಹೊತ್ತಿನ ಜಾತಕ ಬಂದರೆ ನಾನು ಆಸ್ಪತ್ರೆಯ ಚೀಟಿ ಕೇಳುತ್ತೇನೆ. ಚೀಟಿ ಇಲ್ಲದಿದ್ದರೆ ಎರಡೂ ಲಗ್ನ ಹಾಕಿ, ಮದುವೆ, ಕೆಲಸ, ಮನೆಯಲ್ಲಿ ಆದ ಸಾವುನೋವು ಇವುಗಳ ತಾರೀಖು ತರಿಸಿಕೊಂಡು ಯಾವುದಕ್ಕೆ ಹೊಂದುತ್ತದೆ ಅಂತ ನೋಡುತ್ತೇನೆ. ಹೊಂದದಿದ್ದರೆ ಯೋಗಕಾರಕನ ಮಾತೇ ಎತ್ತುವುದಿಲ್ಲ, ಚಂದ್ರನಿಂದ ಹೇಳಬಹುದಾದಷ್ಟು ಹೇಳಿ ಜಾತಕ ವಾಪಸ್ ಕೊಡುತ್ತೇನೆ.