ಎ ಮೈನರ್‌ಗೆ ಎಳೆದೊಯ್ಯುವ ಇ ಸೆವೆನ್

ಸಿ ಮೇಜರ್‌ನಲ್ಲಿ ಗಿಟಾರ್ ನುಡಿಸುವವರ ಕೈಗೆ ಈ ಸಾಲು ಬೇಗ ಹತ್ತುತ್ತದೆ: ಸಿ, ಇ ಮೈನರ್, ಎ ಮೈನರ್, ಎಫ್, ಜಿ. ಕೇಳಲು ಚೆನ್ನಾಗಿದೆ. ಆದರೆ ಎ ಮೈನರ್ ಸುಮ್ನೆ ಬಂದು ಹೋಗುತ್ತದೆ, ಯಾರೂ ಅದಕ್ಕಾಗಿ ಕಾದಿರುವುದಿಲ್ಲ. ಹಾಗೆ ಕಾಯಿಸಬೇಕಾದರೆ ಅದಕ್ಕಿಂತ ಮೊದಲು ಅದರದ್ದೇ ಡಾಮಿನೆಂಟ್ ಕಾರ್ಡ್, ಅಂದರೆ ಅದರ ಐದನೇ ಸ್ವರದ ಮೇಲೆ ಕಟ್ಟಿದ, ಅದರತ್ತ ಎಳೆಯುವ ಕಾರ್ಡ್ ಇಡಬೇಕು. ಇದಕ್ಕೆ ಸೆಕೆಂಡರಿ ಡಾಮಿನೆಂಟ್ ಎನ್ನುತ್ತಾರೆ.

ಮೊದಲು ಅದು ಯಾವ ಕಾರ್ಡ್ ಎಂದು ಹುಡುಕಿಕೊಳ್ಳಿ. ಎ ಸ್ವರದಿಂದ ಮೇಲಕ್ಕೆ ಏಳು ಫ್ರೆಟ್ ಎಣಿಸಿದರೆ ಇ ಸಿಗುತ್ತದೆ. ನಮ್ಮ ಸಾಲಿನಲ್ಲಿ ಇ ಆಗಲೇ ಇದೆ, ಆದರೆ ಮೈನರ್ ಆಗಿ. ಅದನ್ನು ಇ ಸೆವೆನ್ ಮಾಡಬೇಕು, ಅಷ್ಟೇ.

ಇ ಮೈನರ್‌ಗೆ ನಡುಬೆರಳು, ಉಂಗುರ ಬೆರಳು ಐದು ಮತ್ತು ನಾಲ್ಕನೇ ತಂತಿಯ ಎರಡನೇ ಫ್ರೆಟ್‌ನಲ್ಲಿರುತ್ತವೆ (ತೆಳು ತಂತಿಯೇ ಒಂದನೆಯದು). ಅವನ್ನು ಕದಲಿಸಬೇಡಿ. ತೋರುಬೆರಳನ್ನು ಮೂರನೇ ತಂತಿಯ ಮೊದಲ ಫ್ರೆಟ್‌ಗೆ, ಕಿರುಬೆರಳನ್ನು ಎರಡನೇ ತಂತಿಯ ಮೂರನೇ ಫ್ರೆಟ್‌ಗೆ ಇಡಿ. ಇ ಸೆವೆನ್ ಆಯಿತು.

ಈಗ ಅದನ್ನು ಮೀಟಿ, ಅಲ್ಲೇ ನಿಲ್ಲಿಸಿ. ಸಂಕಟವಾಗುತ್ತದೆ ಅಲ್ವಾ? ಕಾರಣ ಮೂರನೇ ತಂತಿಯಲ್ಲಿದೆ. ಮೊದಲು ಅಲ್ಲಿದ್ದ ಜಿ ಈಗ ಜಿ ಶಾರ್ಪ್ ಆಗಿದೆ, ಎ ಸ್ವರಕ್ಕೆ ಒಂದೇ ಫ್ರೆಟ್ ದೂರ. ಕರ್ನಾಟಕ ಸಂಗೀತ ಕಲಿತವರಿಗೆ ಹೀಗೆ ಹೇಳಬಹುದು: ಎ ಷಡ್ಜವಾದರೆ ಜಿ ಕೈಶಿಕಿ ನಿಷಾದ, ಜಿ ಶಾರ್ಪ್ ಕಾಕಲಿ ನಿಷಾದ. ಕಾಕಲಿ ನಿಷಾದ ಹಾಡಿ ಷಡ್ಜ ಮುಟ್ಟದೆ ನಿಂತವರಿಗೆ ಈ ಚಡಪಡಿಕೆ ಗೊತ್ತು. ಜೊತೆಗೆ ಕಿರುಬೆರಳಿನ ಕೆಳಗಿನ ಡಿ ಸ್ವರ ಸಿ ಕಡೆಗೆ ಇಳಿಯಲು ನೋಡುತ್ತದೆ. ಈಗ ಎ ಮೈನರ್ ಹಿಡಿಯಿರಿ. ಮೂರನೇ ತಂತಿ ಒಂದು ಫ್ರೆಟ್ ಏರಿತು, ಎರಡನೆಯದು ಎರಡು ಫ್ರೆಟ್ ಇಳಿಯಿತು. ಎಳೆತ ತೀರಿತು.

ಇ ಸೆವೆನ್ ಬದಲು ಇ ಮೈನರ್ ಸೆವೆನ್ ಹಿಡಿದರೆ ಈ ಎಳೆತ ಬರುವುದಿಲ್ಲ. ಅಲ್ಲಿ ಜಿ ಹಾಗೇ ಉಳಿದಿರುತ್ತದೆ.

ಎಡವಟ್ಟಾಗುವುದು ಸಾಮಾನ್ಯವಾಗಿ ಹಾಡುವವರ ಜೊತೆ. ಆ ಜಾಗದಲ್ಲಿ ರಾಗದ ಸಾಲು ಜಿ ಸ್ವರದ ಮೇಲೆ ನಿಂತಿದ್ದರೆ, ನಿಮ್ಮ ಜಿ ಶಾರ್ಪ್ ಅದರೊಂದಿಗೆ ಜಗಳಕ್ಕೆ ಬೀಳುತ್ತದೆ. ನನಗೂ ಒಂದು ಅಭ್ಯಾಸದಲ್ಲಿ ಹೀಗಾಗಿ, ಹಾಡುತ್ತಿದ್ದ ಗೆಳತಿ ತನ್ನದೇ ಶ್ರುತಿ ತಪ್ಪಿತೆಂದು ನಿಲ್ಲಿಸಿಬಿಟ್ಟಳು. ನಾಲ್ಕು ಬೀಟಿನಲ್ಲಿ ಮೊದಲೆರಡಕ್ಕೆ ಇ ಮೈನರ್ ಅನ್ನೇ ಉಳಿಸಿಕೊಂಡು, ಹಾಡು ಜಿ ದಾಟಿದ ಮೇಲೆ ಕೊನೆಯ ಎರಡಕ್ಕೆ ಇ ಸೆವೆನ್ ತಂದೆವು. ಜಗಳ ತಪ್ಪಿತು. ಎ ಮೈನರ್ ಮಾತ್ರ ಮುಂದಿನ ನಾಲ್ಕು ಬೀಟಿನ ಮೊದಲನೆಯದಕ್ಕೇ ಬೀಳಲಿ. ತಡವಾದರೆ ಎಳೆತ ಸಡಿಲವಾಗುತ್ತದೆ.

ಎ ಮೈನರ್‌ನಲ್ಲಿ ಜಾಸ್ತಿ ಹೊತ್ತು ಕೂರಬೇಡಿ. ಇ ಸೆವೆನ್, ಎ ಮೈನರ್ ಎಂದು ಎರಡನ್ನೇ ಸುತ್ತುತ್ತಿದ್ದರೆ ಕಿವಿ ಅದನ್ನೇ ಮನೆ ಎಂದುಕೊಳ್ಳುತ್ತದೆ, ಸಿ ಮರೆತೇಹೋಗುತ್ತದೆ. ನಾಲ್ಕು ಬೀಟು ನಿಂತು ಎಫ್, ಜಿ ಹಿಡಿದು ಸಿಗೆ ಮರಳಿ.